ಹೊಸ ಬ್ಯಾಚಿನ ಪ್ರಚಾರ: ನಲವತ್ತೈದು ಸೆಕೆಂಡಿನಲ್ಲಿ ಏನು ಹೇಳಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನವೇ ಊರಿನ ಗೋಡೆಗಳ ಮೇಲೂ ಪೋಷಕರ ವಾಟ್ಸಾಪ್ ಗುಂಪುಗಳಲ್ಲೂ ಮಕ್ಕಳ ಫೋಟೋಗಳು ಮೂಡುತ್ತವೆ. ಜೊತೆಗೆ ‘ಶೇ. 100 ಫಲಿತಾಂಶ’, ‘ಗಣಿತದಲ್ಲಿ 95ರ ಗ್ಯಾರಂಟಿ’ ಎಂಬ ಸಾಲುಗಳು. ಹತ್ತು-ಹದಿನೈದು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಶಿಕ್ಷಕರಿಗೆ ಆಗ ಕಾಡುವ ಪ್ರಶ್ನೆ ಒಂದೇ: ಇಂಥ ಮಾತು ಆಡದೆ ಹೊಸ ಬ್ಯಾಚಿಗೆ ಮಕ್ಕಳನ್ನು ಕರೆಯುವುದು ಹೇಗೆ?

ಮೊದಲು ಆ ಶೇಕಡಾ ನೂರು ಹೇಗೆ ಹುಟ್ಟುತ್ತದೆ ಎಂದು ನೋಡಬೇಕು. ಒಂದು ಟ್ಯೂಷನ್‌ಗೆ ಜೂನ್‌ನಲ್ಲಿ 18 ಮಕ್ಕಳು ಸೇರಿದರು ಎಂದುಕೊಳ್ಳೋಣ. ಮೂವರು ನಡುವೆ ಬಿಟ್ಟರು. ಉಳಿದ 15 ಮಂದಿಯಲ್ಲಿ 13 ಮಂದಿ ಪಾಸಾದರು. ಪರೀಕ್ಷೆ ಬರೆದವರನ್ನು ಲೆಕ್ಕ ಹಿಡಿದರೆ ಫಲಿತಾಂಶ ಸುಮಾರು ಶೇ. 87. ಸೇರಿದವರನ್ನೆಲ್ಲ ಹಿಡಿದರೆ ಶೇ. 72. ಫೇಲಾದ ಇಬ್ಬರು ‘ಸರಿಯಾಗಿ ಬರುತ್ತಿರಲಿಲ್ಲ’ ಎಂದು ಅವರನ್ನು ಪಟ್ಟಿಯಿಂದ ತೆಗೆದರೆ ಅದೇ ಬ್ಯಾಚು ಶೇ. 100 ಆಗುತ್ತದೆ! ಇನ್ನು 98 ತೆಗೆದ ಹುಡುಗಿಗೆ ಒಂಬತ್ತನೇ ತರಗತಿಯಲ್ಲೇ 90 ಬಂದಿದ್ದರೆ, ಟ್ಯೂಷನ್‌ನ ಪಾಲು ಎಷ್ಟು ಎಂಬುದನ್ನು ಯಾವ ಪೋಸ್ಟರೂ ಹೇಳುವುದಿಲ್ಲ.

ಇದಕ್ಕೆ ಕಡಿವಾಣ ಹಾಕಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿತು. ಆಯ್ಕೆಯ, ರ‍್ಯಾಂಕಿನ ಗ್ಯಾರಂಟಿ ಕೊಡುವಂತಿಲ್ಲ. ವಿದ್ಯಾರ್ಥಿಯ ಹೆಸರು, ಫೋಟೋ ಬಳಸಲು ಲಿಖಿತ ಒಪ್ಪಿಗೆ ಬೇಕು, ಅದನ್ನೂ ಫಲಿತಾಂಶ ಬಂದ ಮೇಲೆಯೇ ಪಡೆಯಬೇಕು. ‘ಕೆಲವೇ ಸೀಟು ಬಾಕಿ’ ಎಂಬ ಸುಳ್ಳು ಅವಸರವನ್ನೂ ಹುಟ್ಟಿಸುವಂತಿಲ್ಲ. ಈ ನಿಯಮದ ವ್ಯಾಪ್ತಿ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳದು. ಆದರೂ ಮನೆಯ ಟ್ಯೂಷನ್ನಿಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು.

ಹಾಸನದಂಥ ಊರಿನಲ್ಲಿ ಹತ್ತನೇ ತರಗತಿಗೆ ಗಣಿತ ಹೇಳುವ ಶಿಕ್ಷಕಿಯೊಬ್ಬರು ತಮ್ಮ ಫೋನಿನಲ್ಲೇ ಚಿಕ್ಕ ವಿಡಿಯೋ ಮಾಡಬೇಕಾಗಿದೆ ಎನ್ನೋಣ. ನಲವತ್ತೈದು ಸೆಕೆಂಡಿಗೆ ಎಂಬತ್ತು ಪದಗಳ ಆಸುಪಾಸು ಹಿಡಿಸುತ್ತವೆ. ಅವರ ಮಾತು ಹೀಗಿರಬಹುದು:

“ನಮಸ್ಕಾರ. ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳ್ಕೊಡ್ತೀನಿ. ಜೂನ್ ಮೊದಲನೇ ಸೋಮವಾರದಿಂದ ಹೊಸ ಬ್ಯಾಚ್ ಶುರು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಐದೂವರೆಯಿಂದ ಏಳರವರೆಗೆ ಪಾಠ. ಹದಿನೈದು ಮಕ್ಕಳಾದ ಮೇಲೆ ಯಾರನ್ನೂ ಸೇರಿಸ್ಕೊಳ್ಳಲ್ಲ. ಪ್ರತಿ ಶನಿವಾರ ಇಪ್ಪತ್ತು ಮಾರ್ಕ್ಸಿನ ಟೆಸ್ಟ್ ಇರುತ್ತೆ, ತಿದ್ದಿದ ಪೇಪರ್ ಮನೆಗೇ ಕಳಿಸ್ತೀನಿ. ತಿಂಗಳ ಫೀಸು ಸಾವಿರದ ಇನ್ನೂರು. ಮೊದಲ ಎರಡು ಕ್ಲಾಸಿಗೆ ಫೀಸಿಲ್ಲ. ಇಷ್ಟೇ ಮಾರ್ಕ್ಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಬರುವಾಗ ಮಗುವಿನ ಒಂಬತ್ತನೇ ಕ್ಲಾಸಿನ ಗಣಿತದ ಪೇಪರ್ ತನ್ನಿ, ಎಲ್ಲಿ ಎಡವಿದ್ದಾರೆ ಅಂತ ಕೂತು ನೋಡೋಣ.”

ಇದರಲ್ಲಿರುವ ಮಾತೆಲ್ಲ ಶಿಕ್ಷಕಿಯ ಕೈಯಲ್ಲಿರುವ ಕೆಲಸದ್ದು. ಮಗುವಿಗೆ ಎಷ್ಟು ಅಂಕ ಬರುತ್ತದೆ ಎಂಬುದು ಅವರ ಕೈಯಲ್ಲಿಲ್ಲ. ಶನಿವಾರ ಟೆಸ್ಟ್ ಕೊಟ್ಟು ತಿದ್ದುವುದು ಅವರ ಕೈಯಲ್ಲಿದೆ. ಹಾಗಾಗಿಯೇ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಹದಿನೈದು ಎಂದು ಹೇಳಿ ಇಪ್ಪತ್ತೈದು ಮಕ್ಕಳನ್ನು ಕೂರಿಸಿದರೆ ಆ ಸಾಲು ಸುಳ್ಳಾಗುತ್ತದೆ. ಆದ್ದರಿಂದ ವರ್ಷವಿಡೀ ಪಾಲಿಸಲಾಗದ ಯಾವ ಸಂಖ್ಯೆಯನ್ನೂ ಸ್ಕ್ರಿಪ್ಟಿಗೆ ಹಾಕಬಾರದು.

ಫೀಸನ್ನು ಮುಚ್ಚಿಟ್ಟು ‘ವಿವರಕ್ಕೆ ಕರೆ ಮಾಡಿ’ ಎನ್ನುವವರೇ ಹೆಚ್ಚು. ಬಾಯ್ಬಿಟ್ಟು ಹೇಳಿದರೆ, ಹೊಂದದವರ ಫೋನುಗಳು ತಪ್ಪುತ್ತವೆ, ಬರುವವರು ಪಾಠದ ಬಗ್ಗೆ ಮಾತಾಡುತ್ತಾರೆ. ಕೊನೆಯ ಸಾಲಿನ ಹಳೆಯ ಪೇಪರಿಗೆ ಇನ್ನೂ ದೊಡ್ಡ ಕೆಲಸವಿದೆ. ಮಗು ಬೀಜಗಣಿತದಲ್ಲಿ ಎಡವುತ್ತಿದೆಯೋ, ಪ್ರಮೇಯದ ಹಂತಗಳನ್ನು ಬರೆಯದೆ ಅಂಕ ಕಳೆದುಕೊಳ್ಳುತ್ತಿದೆಯೋ ಎಂಬುದು ಅದರಲ್ಲಿ ಕಾಣುತ್ತದೆ. ಟ್ಯೂಷನ್ ಮೊದಲ ದಿನವೇ ಅಲ್ಲಿಂದ ಶುರುವಾಗಬಹುದು.

ಹಳೆಯ ಫಲಿತಾಂಶ ಹೇಳಲೇಬೇಕೆಂದಿದ್ದರೆ ಇಡೀ ಲೆಕ್ಕ ಹೇಳಬೇಕು: “ಹೋದ ವರ್ಷ ಹದಿನೆಂಟು ಮಕ್ಕಳು ಸೇರಿದ್ರು, ಮೂವರು ಬಿಟ್ರು, ಹದಿನೈದರಲ್ಲಿ ಹದಿಮೂರು ಮಂದಿ ಪಾಸಾದ್ರು.” ಕೇಳುವವರು ‘ಉಳಿದ ಇಬ್ಬರು?’ ಎನ್ನುತ್ತಾರೆ. ಅದಕ್ಕೂ ಉತ್ತರ ಸಿದ್ಧವಿರಬೇಕು.

ಪೋಷಕರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಶೇ. 100ರ ಪೋಸ್ಟರ್ ಕಂಡಾಗ ಎಷ್ಟು ಮಕ್ಕಳು ಸೇರಿದ್ದರು, ಎಷ್ಟು ಮಂದಿ ಪರೀಕ್ಷೆ ಬರೆದರು ಎಂದು ಕೇಳಿ, ಆಮೇಲೆ ಫೀಸು ಕಟ್ಟಿ.