ಮತ ಹೆಚ್ಚು, ಸ್ಥಾನ ಕಡಿಮೆ: ಫಲಿತಾಂಶದ ಪಟ್ಟಿ ಓದುವ ಬಗೆ

ಪಿಯುಸಿ ರಾಜ್ಯಶಾಸ್ತ್ರ ಓದುವ ಮಕ್ಕಳಿಗೆ ಪರಿಚಿತವಾದ ಪ್ರಶ್ನೆಯೊಂದಿದೆ. ಒಂದು ಚುನಾವಣೆಯ ಫಲಿತಾಂಶವನ್ನು ಪಟ್ಟಿಯಾಗಿ ಕೊಟ್ಟು, ಪಕ್ಷಗಳು ಪಡೆದ ಮತಕ್ಕೂ ಗೆದ್ದ ಸ್ಥಾನಕ್ಕೂ ಏಕೆ ತಾಳೆಯಾಗುತ್ತಿಲ್ಲ ಎಂದು ಕೇಳುತ್ತಾರೆ. ಇದಕ್ಕೆ ಸಾಮಾನ್ಯವಾಗಿ 1984ರ ಲೋಕಸಭಾ ಚುನಾವಣೆಯ ಉದಾಹರಣೆ ಬರುತ್ತದೆ. ಆಗ ಕಾಂಗ್ರೆಸ್ ಅರ್ಧಕ್ಕಿಂತ ಕಡಿಮೆ ಮತ ಪಡೆದು 400ಕ್ಕೂ ಹೆಚ್ಚು ಸ್ಥಾನ ಗೆದ್ದಿತ್ತು. ಆದರೆ ನಮ್ಮ ಮಕ್ಕಳಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯ ಪಟ್ಟಿ ಇದಕ್ಕಿಂತ ಚೆನ್ನಾಗಿ ಪಾಠ ಹೇಳುತ್ತದೆ.

| ಪಕ್ಷ | ಮತ (ಶೇ.) | ಗೆದ್ದ ಸ್ಥಾನ | ಸ್ಥಾನ (ಶೇ.) |
|---|---|---|---|
| ಬಿಜೆಪಿ | 36 | 104 | 46 |
| ಕಾಂಗ್ರೆಸ್ | 38 | 80 | 36 |
| ಜೆಡಿಎಸ್ | 18 | 37 | 17 |

ಶೇಕಡಾವಾರು ಅಂಕಿಗಳನ್ನು ಪೂರ್ಣಾಂಕಕ್ಕೆ ತಂದಿದ್ದೇನೆ. ಕೆಲವು ಪಟ್ಟಿಗಳಲ್ಲಿ ಕಾಂಗ್ರೆಸ್ಸಿನ ಮುಂದೆ 78 ಎಂದಿರುತ್ತದೆ. ಅದೂ ತಪ್ಪಲ್ಲ. ಮೇ ತಿಂಗಳಲ್ಲಿ ಮೊದಲ ಎಣಿಕೆ ನಡೆದದ್ದು 222 ಕ್ಷೇತ್ರಗಳಿಗೆ. ಮುಂದೂಡಿದ್ದ ರಾಜರಾಜೇಶ್ವರಿನಗರ ಮತ್ತು ಜಯನಗರ ಆಮೇಲೆ ಕಾಂಗ್ರೆಸ್ ಪಾಲಾದವು. ಪಟ್ಟಿ ಕೈಗೆ ಬಂದ ಕೂಡಲೇ ಒಟ್ಟು ಎಷ್ಟು ಕ್ಷೇತ್ರಗಳ ಲೆಕ್ಕವದು ಎಂದು ನೋಡಿಕೊಳ್ಳಬೇಕು.

ಈ ಪಟ್ಟಿಯಲ್ಲಿ ಹೆಚ್ಚು ಮತ ಪಡೆದ ಪಕ್ಷ ಎರಡನೇ ಸ್ಥಾನದಲ್ಲಿದೆ. ಎಣಿಕೆಯಲ್ಲೇ ಏನೋ ಎಡವಟ್ಟಾಗಿದೆ ಎಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ಎಡವಟ್ಟೇನೂ ಆಗಿಲ್ಲ. ನಾವು ಇಡೀ ರಾಜ್ಯಕ್ಕೆಂದು ಒಂದು ಮತ ಹಾಕುವುದಿಲ್ಲ. 224 ಕ್ಷೇತ್ರಗಳಲ್ಲಿ 224 ಬೇರೆ ಬೇರೆ ಚುನಾವಣೆಗಳು ನಡೆಯುತ್ತವೆ, ಪ್ರತಿಯೊಂದರಲ್ಲೂ ಉಳಿದವರಿಗಿಂತ ಒಂದೇ ಒಂದು ಮತ ಹೆಚ್ಚು ಪಡೆದವರೂ ಗೆದ್ದಂತೆ. ಮತಪ್ರಮಾಣ ಎಂಬುದು ಇವೆಲ್ಲವನ್ನೂ ಆಮೇಲೆ ಕೂಡಿಸಿ ತೆಗೆದ ಲೆಕ್ಕ. ಶಾಸಕರನ್ನು ಆರಿಸುವಲ್ಲಿ ಅದಕ್ಕೆ ಪಾತ್ರವಿಲ್ಲ.

ಮತ ಎಲ್ಲಿ ಸ್ಥಾನವಾಗದೆ ಉಳಿಯುತ್ತದೆ ಎಂಬುದನ್ನು 2023ರ ಎರಡು ಕ್ಷೇತ್ರಗಳಲ್ಲಿ ಕಣ್ಣಾರೆ ನೋಡಬಹುದು. ಕನಕಪುರದಲ್ಲಿ ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್ ಅವರಿಗೆ 1,43,023 ಮತ ಬಿದ್ದವು, ಎರಡನೆಯವರಿಗೆ 20,631. ಗೆಲ್ಲಲು 20,632 ಮತ ಸಾಕಿತ್ತು. ಮಿಕ್ಕ 1,22,391 ಮತಗಳು ಪಕ್ಷದ ಶೇಕಡಾವಾರು ಲೆಕ್ಕಕ್ಕೆ ಸೇರಿದವೇ ಹೊರತು ಇನ್ನೊಂದು ಸ್ಥಾನ ತಂದುಕೊಡಲಿಲ್ಲ. ಅದೇ ಚುನಾವಣೆಯಲ್ಲಿ ಜಯನಗರದಲ್ಲಿ ಬಿಜೆಪಿ ಅಭ್ಯರ್ಥಿಗೆ 57,797, ಕಾಂಗ್ರೆಸ್ ಅಭ್ಯರ್ಥಿಗೆ 57,781 ಮತ. ಅಂತರ ಬರೀ 16. ಇಲ್ಲಿ ಕಾಂಗ್ರೆಸ್ಸಿಗೆ ಬಿದ್ದ ಅಷ್ಟೂ ಮತಗಳು ಶೇಕಡಾವಾರಿನಲ್ಲಿ ಕಾಣುತ್ತವೆ, ಸ್ಥಾನದ ಕಾಲಂನಲ್ಲಿ ಅವುಗಳ ಗುರುತೇ ಇಲ್ಲ. ಭಾರೀ ಅಂತರದಿಂದ ಗೆದ್ದಾಗಲೂ ಕೂದಲೆಳೆಯಲ್ಲಿ ಸೋತಾಗಲೂ ಮತಗಳು ಹೀಗೆ ಮಿಕ್ಕುತ್ತವೆ. ಯಾವ ಪಕ್ಷಕ್ಕೆ ರಾಜ್ಯದುದ್ದಕ್ಕೂ ಇಂಥ ಮತಗಳು ಹೆಚ್ಚೋ ಅದರ ಸ್ಥಾನ ಮತಪ್ರಮಾಣಕ್ಕಿಂತ ಕೆಳಗಿಳಿಯುತ್ತದೆ. 2018ರಲ್ಲಿ ಕಾಂಗ್ರೆಸ್ಸಿಗೆ ಆದದ್ದು ಇದೇ.

ಜೆಡಿಎಸ್ ಸಾಲಿನಲ್ಲಿ ಮಾತ್ರ ಎರಡೂ ಅಂಕಿಗಳು ಹತ್ತಿರ ಹತ್ತಿರ ಇವೆ. ಸಾಮಾನ್ಯವಾಗಿ ಮೂರನೆಯ ಪಕ್ಷಕ್ಕೆ ಈ ಪದ್ಧತಿಯಲ್ಲಿ ಪೆಟ್ಟು ಹೆಚ್ಚು. ಅದರಿಂದ ಜೆಡಿಎಸ್ಸನ್ನು ಉಳಿಸಿದ್ದು ಹಳೆ ಮೈಸೂರು ಭಾಗ: ಮತಗಳು ಅಲ್ಲಿ ಒತ್ತಾಗಿದ್ದವು, ಹಾಗಾಗಿ ಗೆಲುವಾದವು. 2014ರ ಲೋಕಸಭಾ ಚುನಾವಣೆಯಲ್ಲಿ ಬಿಎಸ್‌ಪಿಯ ಕಥೆ ಇದಕ್ಕೆ ವಿರುದ್ಧ. ದೇಶದಲ್ಲಿ ಶೇ. 4ಕ್ಕೂ ಹೆಚ್ಚು ಮತ ಪಡೆದೂ ಅದಕ್ಕೆ ಒಂದು ಸ್ಥಾನವೂ ಸಿಗಲಿಲ್ಲ. ಅದಕ್ಕಿಂತ ಕಡಿಮೆ ಮತ ಪಡೆದ ತೃಣಮೂಲ ಕಾಂಗ್ರೆಸ್, ಒಂದೇ ರಾಜ್ಯದಲ್ಲಿ ಬಲವಾಗಿದ್ದ ಕಾರಣ, 34 ಸ್ಥಾನ ಗೆದ್ದಿತು.

ಇನ್ನು 2023ರ ಬಿಜೆಪಿ ಸಾಲನ್ನು ಪಕ್ಕಕ್ಕಿಟ್ಟು ನೋಡಿ. ಮತ ಆಗಲೂ ಶೇ. 36. ಸ್ಥಾನ ಮಾತ್ರ 104ರಿಂದ 66ಕ್ಕೆ ಇಳಿಯಿತು. ಬಿಜೆಪಿಯ ಮತ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಬದಲಾದದ್ದು ಎದುರಾಳಿಗಳ ಬಲ. ಜೆಡಿಎಸ್ ಶೇ. 18ರಿಂದ 13ಕ್ಕೆ ಕುಸಿಯಿತು, ಕಾಂಗ್ರೆಸ್ 38ರಿಂದ 43ಕ್ಕೆ ಏರಿ 135 ಸ್ಥಾನ ಪಡೆಯಿತು. ಹಾಗಾಗಿ ಒಂದು ಪಕ್ಷದ ಸಾಲನ್ನಷ್ಟೇ ಓದಿ ಅದರ ಬೆಂಬಲ ಕರಗಿತು ಎಂದು ಬರೆದರೆ ಉತ್ತರ ತಪ್ಪಾಗುತ್ತದೆ. ನನ್ನ ಮಟ್ಟಿಗೆ ಇಂಥ ಪ್ರಶ್ನೆಗಳಲ್ಲಿ ಕೇಳಬೇಕಾದ ಅತ್ಯಂತ ಒಳ್ಳೆಯ ಹೋಲಿಕೆ ಇದು.

ಕೊನೆಗೆ ಬರುವ ಉಪಪ್ರಶ್ನೆಯಲ್ಲಿ ಎಚ್ಚರ ಬೇಕು. ಪ್ರಮಾಣಾನುಗುಣ ಪ್ರಾತಿನಿಧ್ಯ ಇದ್ದಿದ್ದರೆ ಸ್ಥಾನಗಳು ಹೇಗೆ ಹಂಚಿಕೆಯಾಗುತ್ತಿದ್ದವು ಎಂದು ಕೇಳುತ್ತಾರೆ. 224ರ ಶೇ. 38 ಎಂದರೆ ಸುಮಾರು 85 ಎಂದು ಗುಣಿಸುವುದು ಸುಲಭ. ಆದರೆ ಪದ್ಧತಿ ಬದಲಾದರೆ ಜನ ಮತ ಹಾಕುವ ರೀತಿಯೂ ಪಕ್ಷಗಳ ಹೊಂದಾಣಿಕೆಯೂ ಬದಲಾಗುತ್ತವೆ. 2018ರಲ್ಲಿ ಜೆಡಿಎಸ್ ಕೆಲವು ಕ್ಷೇತ್ರಗಳನ್ನು ಬಿಎಸ್‌ಪಿಗೆ ಬಿಟ್ಟುಕೊಟ್ಟಿತ್ತು. ಆ ಮತಗಳ ಲೆಕ್ಕ ಪಟ್ಟಿಯಲ್ಲಿ ಸಿಗುವುದಿಲ್ಲ. ಹಾಗಾಗಿ 85 ಎಂಬುದು ಅಂದಾಜು ಅಷ್ಟೇ ಎಂದು ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ಸಲ್ಲಬೇಕು.

ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕರಲ್ಲಿ ಒಂದು ವಿನಂತಿ: ಮತ ಮತ್ತು ಸ್ಥಾನದ ಜೊತೆಗೆ ಪ್ರತಿ ಪಕ್ಷ ಸ್ಪರ್ಧಿಸಿದ ಕ್ಷೇತ್ರಗಳು ಎಷ್ಟು, ಎರಡನೇ ಸ್ಥಾನಕ್ಕೆ ಬಂದದ್ದು ಎಷ್ಟರಲ್ಲಿ ಎಂಬ ಎರಡು ಕಾಲಂಗಳನ್ನೂ ಕೊಡಿ. ಚುನಾವಣಾ ಆಯೋಗ ಪ್ರಕಟಿಸುವ ಕ್ಷೇತ್ರವಾರು ಫಲಿತಾಂಶದಿಂದ ಇವೆರಡನ್ನೂ ಎಣಿಸಿ ತೆಗೆಯಬಹುದು.