‘ರೇಟ್ ಎಷ್ಟು’ ಎಂಬಲ್ಲಿಂದ ‘ಸೋರಿದೆ’ ಎಂಬಲ್ಲಿವರೆಗೆ: ಹತ್ತು ಪ್ರಶ್ನೆ, ಹತ್ತು ಸಿದ್ಧ ಉತ್ತರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಮೂರು ಹೆಸರು ಪತ್ರಿಕೆಯಲ್ಲಿ ಒಟ್ಟಿಗೆ ಕಣ್ಣಿಗೆ ಬೀಳುವುದು ಅಡಿಕೆ ಧಾರಣೆಯ ಪಟ್ಟಿಯಲ್ಲಿ. ಅಲ್ಲಿ ‘ಅಡಿಕೆಗೆ ಇಷ್ಟು’ ಎಂದು ಒಂದೇ ಅಂಕಿ ಇರುವುದಿಲ್ಲ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಬಗೆ ಬೇರೆ ಬೇರೆ. ಪ್ರತಿ ಬಗೆಗೂ ಕನಿಷ್ಠ ಮತ್ತು ಗರಿಷ್ಠ. ಎಲ್ಲವೂ ಕ್ವಿಂಟಲ್ ಲೆಕ್ಕ. ಯಾವ ದಿನದ ದರ ಎಂಬುದೂ ಗೊತ್ತಿರುತ್ತದೆ. ಈ ಪಟ್ಟಿಯನ್ನು ದಿನಾ ಓದುವ ಮನೆಯವರೇ ಫೋನಿನಲ್ಲಿ ಜೋನಿ ಬೆಲ್ಲ ಮಾರುವಾಗ, ‘ರೇಟ್ ಎಷ್ಟು’ ಎಂದವರಿಗೆ ‘260’ ಎಂದಷ್ಟೇ ಬರೆದು ಕಳಿಸುತ್ತಾರೆ. ಕೆಜಿಗೋ, ಬಾಟಲಿಗೋ, ಕೊರಿಯರ್ ಸೇರಿಯೋ? ಆ ಕಡೆಯಿಂದ ಮತ್ತೆ ಮೂರು ಪ್ರಶ್ನೆ ಬರುತ್ತವೆ. ಇಲ್ಲವೇ ಏನೂ ಬರುವುದಿಲ್ಲ, ಗಿರಾಕಿ ಬೇರೆ ಕಡೆ ಹೋಗಿರುತ್ತಾರೆ.

ಸಿದ್ದಾಪುರದ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳೋಣ. ಆಲೆಮನೆಯ ಕಾಲದಲ್ಲಿ ಜೋನಿ ಬೆಲ್ಲ, ಬೇಸಿಗೆಗೆ ಹಲಸಿನ ಹಪ್ಪಳ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ. ಕೊಳ್ಳುವವರು ಹೆಚ್ಚಾಗಿ ಹುಬ್ಬಳ್ಳಿ, ಬೆಂಗಳೂರು, ಪುಣೆಯಲ್ಲಿದ್ದಾರೆ. ವ್ಯವಹಾರವೆಲ್ಲ ವಾಟ್ಸ್‌ಆ್ಯಪ್‌ನಲ್ಲಿ, ಅದೂ ಕೊಟ್ಟಿಗೆ ಕೆಲಸ ಮತ್ತು ಅಡುಗೆಯ ನಡುವೆ. ಇಂಥ ಮನೆಗೆ ಬೇಕಾದದ್ದು ಒಮ್ಮೆ ಯೋಚಿಸಿ ಬರೆದಿಟ್ಟ ಉತ್ತರಗಳು.

ಹತ್ತು ಪ್ರಶ್ನೆಗಳನ್ನು ಊಹಿಸಿ ಬರೆಯಬಾರದು. ಕಳೆದ ಹಂಗಾಮಿನ ಸಂದೇಶಗಳನ್ನು ತೆರೆದು, ಗಿರಾಕಿ ಕೇಳಿದ್ದನ್ನು ಅವರದೇ ಮಾತಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮತ್ತೆ ಅದೇ ಪ್ರಶ್ನೆ ಬಂದಾಗ ಪಕ್ಕದಲ್ಲಿ ಒಂದು ಗೀಟು ಹಾಕುತ್ತ ಹೋದರೆ ಸಾಕು. ಮನೆತಿಂಡಿ ಮಾರುವವರಿಗೆ ಸಾಮಾನ್ಯವಾಗಿ ಸಿಗುವ ಹತ್ತು ಹೀಗಿರುತ್ತವೆ: ರೇಟ್ ಎಷ್ಟು; ಈಗ ಇದೆಯಾ; ನಮ್ಮೂರಿಗೆ ಕಳಿಸ್ತೀರಾ, ಚಾರ್ಜ್ ಎಷ್ಟು; ಯಾವಾಗ ಬರುತ್ತೆ; ದುಡ್ಡು ಹೇಗೆ ಹಾಕೋದು; ಏನೇನು ಹಾಕಿದೀರಿ, ಎಷ್ಟು ದಿನ ಇಡಬಹುದು; ಸ್ವಲ್ಪ ಕಡಿಮೆ ಮಾಡ್ತೀರಾ; ನಿಮ್ಮ ಊರು ಎಲ್ಲಿ, ಬಂದು ಒಯ್ಯಬಹುದಾ; ಕಳಿಸಿದ್ರಾ, ಎಲ್ಲಿದೆ; ಮತ್ತು ಕೊನೆಯದಾಗಿ, ಬಾಟಲಿ ಸೋರಿದೆ. ಎಲ್ಲಕ್ಕೂ ಒಂದೇ ಶ್ರಮ ಬೇಡ. ಊರು ಎಲ್ಲಿ ಎಂಬುದಕ್ಕೆ ಎರಡು ಸಾಲು ಮತ್ತು ನಕ್ಷೆಯ ಕೊಂಡಿ ಸಾಕು. ಆದರೆ ಸಿದ್ದಾಪುರದವರು ‘ಉತ್ತರ ಕನ್ನಡದ ಸಿದ್ದಾಪುರ, 581355’ ಎಂದು ಪಿನ್ ಕೋಡ್ ಸಹಿತ ಬರೆಯುವುದು ಕ್ಷೇಮ. ಕೊಡಗಿನಲ್ಲೂ ಒಂದು ಸಿದ್ದಾಪುರವಿದೆ, ಕುಂದಾಪುರದ ಕಡೆ ಇನ್ನೊಂದಿದೆ.

ಮೊದಲ ಪ್ರಶ್ನೆಗೆ ಮರಳೋಣ. ‘ರೇಟ್ ಎಷ್ಟು’ ಎಂದು ಕೇಳುವವರು ನಿಜವಾಗಿ ತಿಳಿಯಬಯಸುವುದು ಮನೆ ಬಾಗಿಲಿಗೆ ಬರುವಾಗ ಒಟ್ಟು ಎಷ್ಟಾಗುತ್ತದೆ ಎಂಬುದನ್ನು. ಹಾಗಾಗಿ ಧಾರಣೆ ಪಟ್ಟಿಯ ಕ್ರಮವನ್ನೇ ಹಿಡಿದು, ಬಗೆ, ತೂಕ, ದರ, ದಿನಾಂಕ ನಾಲ್ಕನ್ನೂ ಹೇಳಬೇಕು. ಕೆಳಗಿನ ಬೆಲೆಗಳು ಮಾದರಿಗೆ ಮಾತ್ರ:

“ಜೋನಿ ಬೆಲ್ಲ 1 ಕೆಜಿ ಬಾಟಲಿ *₹260*, ಅರ್ಧ ಕೆಜಿ *₹140*. ಕೊರಿಯರ್ ಖರ್ಚು ಬೇರೆ. ಈ ದರ ಮಾರ್ಚ್ 31ರವರೆಗೆ. ನಿಮ್ಮ ಪಿನ್ ಕೋಡ್ ಮತ್ತು ಎಷ್ಟು ಬಾಟಲಿ ಬೇಕು ಎಂದು ತಿಳಿಸಿ, ಒಟ್ಟು ಎಷ್ಟಾಗುತ್ತದೆ ಎಂದು ಹೇಳುತ್ತೇವೆ.”

ಅಂಕಿಯ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ವಾಟ್ಸ್‌ಆ್ಯಪ್‌ನಲ್ಲಿ ಅದು ದಪ್ಪಕ್ಷರವಾಗಿ ಕಾಣುತ್ತದೆ. ಉತ್ತರ ಮೊದಲ ಸಾಲಿನಲ್ಲೇ ಇರುವುದಕ್ಕೂ ಕಾರಣವಿದೆ. ಸಂದೇಶ ಬಂದಾಗ ಫೋನಿನ ಮೇಲ್ಭಾಗದಲ್ಲಿ ಕಾಣುವುದು ಆರಂಭದ ಕೆಲವು ಪದ ಮಾತ್ರ. ‘ನಮ್ಮ ಉತ್ಪನ್ನಗಳಲ್ಲಿ ತಾವು ತೋರಿದ ಆಸಕ್ತಿಗೆ ಹೃತ್ಪೂರ್ವಕ ಧನ್ಯವಾದಗಳು’ ಎಂದು ಶುರು ಮಾಡಿದರೆ ಆ ಜಾಗವೆಲ್ಲ ಧನ್ಯವಾದಕ್ಕೇ ಹೋಯಿತು. ಬ್ಯಾಂಕಿನ ಪತ್ರದ ಈ ಧಾಟಿ ಮನೆಯಲ್ಲಿ ಮಾಡಿದ ಬೆಲ್ಲಕ್ಕೆ ಹೊಂದುವುದೂ ಇಲ್ಲ. ಕೊನೆಯ ಸಾಲಿನಲ್ಲಿ ಗಿರಾಕಿಯಿಂದ ಮುಂದಿನ ಹೆಜ್ಜೆಗೆ ಬೇಕಾದದ್ದನ್ನು ಮಾತ್ರ ಕೇಳಿ. ಪೂರ್ತಿ ವಿಳಾಸ, ಫೋನ್ ನಂಬರು, ಲ್ಯಾಂಡ್‌ಮಾರ್ಕ್ ಎಲ್ಲವನ್ನೂ ಇಲ್ಲೇ ಕೇಳಿದರೆ ಬರೆಯಲು ಬೇಸತ್ತು ಬಿಟ್ಟುಬಿಡುತ್ತಾರೆ. ವಿಳಾಸದ ಪ್ರಶ್ನೆ ದುಡ್ಡಿನ ಉತ್ತರದಲ್ಲಿ ಬರಲಿ.

ಸಂಬೋಧನೆಯಲ್ಲಿ ಹಲವರು ತೊಡಕಿಗೆ ಸಿಕ್ಕುತ್ತಾರೆ. ಆ ಕಡೆ ಬರೆಯುತ್ತಿರುವವರು ಗಂಡಸೋ ಹೆಂಗಸೋ ಹೇಳಲಾಗದು. ಗಂಡನ ಫೋನಿನಿಂದ ಹೆಂಡತಿ ಕೇಳುತ್ತಿರಬಹುದು. ಹಾಗಾಗಿ ‘ಸರ್’, ‘ಮೇಡಂ’ ಎರಡನ್ನೂ ಸಿದ್ಧ ಉತ್ತರದಿಂದ ಹೊರಗಿಡಬೇಕು. ‘ತಿಳಿಸಿ’, ‘ಕಳಿಸಿ’ ಎಂಬ ಬಹುವಚನದಲ್ಲೇ ಬೇಕಾದಷ್ಟು ಗೌರವವಿದೆ. ಪರಿಚಯದವರಾದರೆ ಮುಂದೆ ‘ಅಕ್ಕ’ ಎಂದೋ ‘ಭಟ್ರೆ’ ಎಂದೋ ಕೈಯಿಂದ ಸೇರಿಸಿ. ಇನ್ನು ನೆಂಟರಿಷ್ಟರು ‘ಹಪ್ಪಳ ಇದ್ದಾ’ ಎಂದು ಕೇಳಿದರೆ ಸಿದ್ಧ ಉತ್ತರ ಕಳಿಸುವ ಗೊಡವೆಗೇ ಹೋಗಬೇಡಿ. ‘ಇದ್ದು’ ಎಂದು ಬರೆದರೆ ಮುಗಿಯಿತು. ಅತ್ತಿಗೆಗೆ ದರಪಟ್ಟಿ ಹೋದರೆ ಮುಂದಿನ ತಿಥಿ ಊಟದವರೆಗೂ ಅದೇ ಮಾತು.

ಈ ಉತ್ತರಗಳನ್ನು ಇಡುವ ಜಾಗ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಬೇರೆ ಆ್ಯಪ್. ಅದು ಬಂದದ್ದು 2018ರಲ್ಲಿ, ದುಡ್ಡು ಕೊಡಬೇಕಿಲ್ಲ. ಅದರ `Business tools` ಒಳಗೆ `Quick replies` ಇದೆ. ಉತ್ತರವನ್ನು ಬರೆದು, ಅದಕ್ಕೊಂದು ಗುರುತು ಕೊಡಬೇಕು. ಆಮೇಲೆ ಗಿರಾಕಿಯ ಸಂದೇಶದ ಕೆಳಗೆ `/` ಒತ್ತಿ ಗುರುತನ್ನು ಬರೆದರೆ ಉತ್ತರ ಮೇಲೇಳುತ್ತದೆ. ಗುರುತಿಗೆ ‘ದರ’, ‘ಕೊರಿಯರ್’ ಎಂಬ ಪದಗಳಿಗಿಂತ `/1`, `/2` ಎಂಬ ಅಂಕಿಗಳು ಅನುಕೂಲ. ಕನ್ನಡ ಕೀಲಿಮಣೆಯಿಂದ ಓರೆಗೆರೆಗೆ, ಅಲ್ಲಿಂದ ಮತ್ತೆ ಅಕ್ಷರಕ್ಕೆ ಹಾರಾಡುವುದು ತಪ್ಪುತ್ತದೆ. ಹತ್ತನ್ನೂ ಒಂದು ಚೀಟಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದರೆ ಮನೆಯ ಬೇರೆಯವರೂ ಉತ್ತರಿಸಬಹುದು.

ಬರಿಯ ಬರಹದ ಉತ್ತರ ತಾನಾಗಿ ಹೋಗುವುದಿಲ್ಲ, ಬರೆಯುವ ಪೆಟ್ಟಿಗೆಗೆ ಬಂದು ನಿಲ್ಲುತ್ತದೆ. ಕಳಿಸುವ ಮುಂಚೆ ತಿದ್ದಬಹುದು. ಅಪಾಯವೂ ಇಲ್ಲೇ. ಅಂಚೆಯ ನಂಬರು, ಒಟ್ಟು ಮೊತ್ತದಂಥ ಖಾಲಿ ಜಾಗ ತುಂಬದೆ ಕಳಿಸಿಬಿಡುತ್ತೇವೆ. ಒಂದು ಉತ್ತರದಲ್ಲಿ ಒಂದೇ ಖಾಲಿ ಜಾಗವಿರಲಿ, ಅದು ಮೊದಲ ಸಾಲಿನಲ್ಲೇ ಇರಲಿ. ‘ಕಳಿಸಿದ್ರಾ’ ಎಂಬುದಕ್ಕೆ “ಸ್ಪೀಡ್ ಪೋಸ್ಟ್ ನಂಬರ್ ?????. ಅಂಚೆ ಇಲಾಖೆಯ ವೆಬ್‌ಸೈಟಿನಲ್ಲಿ ಈ ನಂಬರ್ ಹಾಕಿದರೆ ಎಲ್ಲಿದೆ ಎಂದು ಕಾಣುತ್ತದೆ” ಎಂದಿಟ್ಟರೆ ಸಾಲುಸಾಲು ಪ್ರಶ್ನಾರ್ಥಕಗಳು ಕಣ್ಣಿಗೆ ಹೊಡೆಯುತ್ತವೆ. ಆ ನಂಬರು 13 ಅಕ್ಷರದ್ದು, ಕೊನೆಗೆ `IN` ಇರುತ್ತದೆ. ಎಣಿಸಿ ಹಾಕಿ.

ಕೊರಿಯರ್ ಖರ್ಚಿನ ಉತ್ತರ ಬರೆಯುವ ಮುಂಚೆ ತಕ್ಕಡಿ ಬೇಕು. ಒಂದು ಕೆಜಿ ಬೆಲ್ಲ ಅಂಚೆಗೆ ಒಂದು ಕೆಜಿ ಅಲ್ಲ. ಗಾಜಿನ ಬಾಟಲಿ, ಕಾಗದದ ಸುತ್ತು, ರಟ್ಟಿನ ಪೆಟ್ಟಿಗೆ ಸೇರಿ ಸುಲಭವಾಗಿ ಒಂದೂವರೆ ಕೆಜಿ ಮುಟ್ಟುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಅರ್ಧ ಕೆಜಿ ದಾಟಿದ ಮೇಲೆ ದರ ಅರ್ಧ ಕೆಜಿಯ ಮೆಟ್ಟಿಲುಗಳಲ್ಲಿ ಏರುತ್ತದೆ. 1,480 ಗ್ರಾಂ ಮತ್ತು 1,520 ಗ್ರಾಂ ನಡುವಿನ ನಲವತ್ತು ಗ್ರಾಂ ಒಂದು ಮೆಟ್ಟಿಲು ದಾಟಿಸುತ್ತದೆ. ಒಂದು ಬಾಟಲಿ, ಎರಡು ಬಾಟಲಿ, ಬಾಟಲಿಯ ಜೊತೆ ಹಪ್ಪಳ ಎಂದು ಮೂರು ಪೆಟ್ಟಿಗೆ ಕಟ್ಟಿ ತೂಗಿ, ಹುಬ್ಬಳ್ಳಿ, ಬೆಂಗಳೂರು, ರಾಜ್ಯದ ಹೊರಗೆ ಎಂದು ಮೂರು ದೂರಕ್ಕೆ ಅಂಚೆ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಂಡರೆ ಉತ್ತರ ಸಿದ್ಧ. ‘ಕಡಿಮೆ ಮಾಡ್ತೀರಾ’ ಎಂಬ ಪ್ರಶ್ನೆಗೂ ಉತ್ತರ ಇದೇ ಲೆಕ್ಕದಲ್ಲಿ ಸಿಗುತ್ತದೆ: “ಬೆಲ್ಲದ ದರದಲ್ಲಿ ಬಿಡಲು ಆಗುವುದಿಲ್ಲ. ಎರಡು ಬಾಟಲಿ ಒಂದೇ ಪೆಟ್ಟಿಗೆಯಲ್ಲಿ ತರಿಸಿದರೆ ಬಾಟಲಿಗೆ ಬೀಳುವ ಅಂಚೆ ಖರ್ಚು ಕಡಿಮೆಯಾಗುತ್ತದೆ.” ಇಲ್ಲ ಎಂದೂ ಆಯಿತು, ಒಂದು ದಾರಿ ತೋರಿಸಿದಂತೆಯೂ ಆಯಿತು.

ದುಡ್ಡಿನ ಉತ್ತರದಲ್ಲಿ ಯುಪಿಐ ಐಡಿ ಒಂದೇ ಸಾಲದು. ಹಣ ಹಾಕುವವರ ಪರದೆಯ ಮೇಲೆ ಖಾತೆದಾರರ ಹೆಸರು ಮೂಡುತ್ತದೆ. ಗಿರಾಕಿ ಮಾತಾಡಿದ್ದು ಮನೆಯ ಸೊಸೆಯ ಜೊತೆ, ಅಲ್ಲಿ ಕಾಣುವುದು ಮಾವನ ಹೆಸರು. ಅಲ್ಲಿಗೆ ಅನುಮಾನ ಹುಟ್ಟುತ್ತದೆ. ಆದ್ದರಿಂದ “ಹಣ ಹಾಕುವಾಗ ಇಂಥ ಹೆಸರು ಕಾಣಬೇಕು, ಬೇರೆ ಹೆಸರು ಬಂದರೆ ಹಾಕಬೇಡಿ” ಎಂಬ ಸಾಲು ಅಲ್ಲಿರಲಿ. ಅವರು ಕಳಿಸುವ ಸ್ಕ್ರೀನ್‌ಶಾಟ್ ನೋಡಿ ಪೆಟ್ಟಿಗೆ ಕಟ್ಟಬೇಡಿ, ಅದನ್ನು ತಿದ್ದಿ ತಯಾರಿಸಬಹುದು. ಖಾತೆಯಲ್ಲಿ ಹಣ ಕಂಡ ಮೇಲೆ “ಹಣ ಬಂತು, ನಾಳೆ ಅಂಚೆಗೆ ಕೊಡುತ್ತೇವೆ” ಎಂಬುದು ಇನ್ನೊಂದು ಸಿದ್ಧ ಉತ್ತರವಾಗಲಿ.

ಏನೇನು ಹಾಕಿದೀರಿ, ಎಷ್ಟು ದಿನ ಇಡಬಹುದು ಎಂಬಲ್ಲಿ ಸಂದೇಶವೂ ಬಾಟಲಿಯ ಲೇಬಲ್ಲೂ ಒಂದೇ ಮಾತು ಹೇಳಬೇಕು. ಲೇಬಲ್ಲಿನಲ್ಲಿ ಆರು ತಿಂಗಳೆಂದಿದ್ದು ಫೋನಿನಲ್ಲಿ ‘ವರ್ಷ ಆದ್ರೂ ಏನಾಗಲ್ಲ’ ಎಂದರೆ ಮುಂದೆ ತಕರಾರು ಬಂದಾಗ ಹೇಳಲು ಏನೂ ಉಳಿಯದು. ಜೋನಿ ಬೆಲ್ಲದವರಿಗೆ ಇಲ್ಲಿ ಒಂದು ವಿಶೇಷ ಕಾಟವಿದೆ. ಕೆಲವು ವಾರ ನಿಂತ ಬೆಲ್ಲದ ತಳದಲ್ಲಿ ಹರಳು ಕಟ್ಟುತ್ತದೆ. ಮಲೆನಾಡಿನವರಿಗೆ ಅದು ಗೊತ್ತಿದ್ದದ್ದೇ, ಹರಳನ್ನು ಹೆಕ್ಕಿ ತಿನ್ನುವ ಮಕ್ಕಳೂ ಇದ್ದಾರೆ. ಪೇಟೆಯವರಿಗೆ ಅದು ಕಲಬೆರಕೆಯ ಸಾಕ್ಷಿ. ‘ಸಕ್ಕರೆ ಹಾಕಿದೀರಾ’ ಎಂಬ ಪ್ರಶ್ನೆಗೆ ಸಿಟ್ಟಿನಲ್ಲಿ ಬರೆಯುವ ಬದಲು ಸಮಾಧಾನದಲ್ಲಿ ಬರೆದಿಟ್ಟ ಉತ್ತರವೇ ವಾಸಿ:

“ತಳದಲ್ಲಿರುವುದು ಕಬ್ಬಿನ ಹಾಲಿನದೇ ಸಕ್ಕರೆ ಅಂಶ. ಜೋನಿ ಬೆಲ್ಲ ನಿಂತಾಗ ಹರಳಾಗುತ್ತದೆ, ಬೇರೆ ಸಕ್ಕರೆ ಸೇರಿಸಿಲ್ಲ. ಒಣ ಚಮಚದಿಂದ ಕಲಕಿ ಬಳಸಿ. ಹುಳಿ ವಾಸನೆಯೋ ನೊರೆಯೋ ಕಂಡರೆ ಬಳಸದೆ ಫೋಟೊ ಕಳಿಸಿ.”

ಕೊನೆಯ ವಾಕ್ಯ ಬಿಡಬಾರದು. ಹರಳು ದೋಷವಲ್ಲ, ಹುಳಿ ದೋಷ. ನೀರಿನ ಅಂಶ ಹೆಚ್ಚು ಉಳಿದ ಬೆಲ್ಲ ಹುದುಗುತ್ತದೆ. ಎರಡನ್ನೂ ಬೇರೆ ಮಾಡಿ ಹೇಳಿದರೆ ಗಿರಾಕಿಗೂ ನಂಬಿಕೆ, ನಿಮಗೂ ಕೆಟ್ಟ ಹದದ ಸುದ್ದಿ ಬೇಗ ತಿಳಿಯುತ್ತದೆ. ಸೋರಿದ ಬಾಟಲಿಯ ಉತ್ತರದಲ್ಲಿ ಪೆಟ್ಟಿಗೆಯ ಹೊರಭಾಗದ್ದೊಂದು, ಮುಚ್ಚಳದ್ದೊಂದು, ಎರಡು ಫೋಟೊ ಕೇಳಿ. ಪೆಟ್ಟಿಗೆ ನಜ್ಜಾಗಿದ್ದರೆ ದಾರಿಯ ಪೆಟ್ಟು, ಪೆಟ್ಟಿಗೆ ಸರಿಯಿದ್ದು ಮುಚ್ಚಳದ ಸುತ್ತ ನೊರೆಯಿದ್ದರೆ ಒಳಗೆ ಹುದುಗಿರುವ ಸಾಧ್ಯತೆ ಹೆಚ್ಚು. ಬದಲಿ ಕೊಡುತ್ತೀರೋ ಹಣ ಹಿಂದಿರುಗಿಸುತ್ತೀರೋ ಎಂಬುದನ್ನು ಮನೆಯಲ್ಲಿ ಮೊದಲೇ ತೀರ್ಮಾನಿಸಿ ಅದರಲ್ಲೇ ಬರೆದಿಡಬೇಕು.

ಇನ್ನು ‘ಈಗ ಇದೆಯಾ’ ಎಂಬುದರ ಉತ್ತರ ವರ್ಷಪೂರ್ತಿ ಒಂದೇ ಆಗಿರದು. ಹಪ್ಪಳಕ್ಕೆ ಬಿಸಿಲು ಬೇಕು, ಮಳೆ ಹಿಡಿದ ಮೇಲೆ ಹೊಸ ಹಪ್ಪಳವಿಲ್ಲ. ಆಗ ‘ಇಲ್ಲ’ ಎಂದು ನಿಲ್ಲಿಸದೆ “ಈ ವರ್ಷದ ಹಪ್ಪಳ ಮುಗಿಯಿತು. ಮುಂದಿನದು ಬೇಸಿಗೆಗೆ. ಬೇಕಿದ್ದರೆ ‘ಹಪ್ಪಳ’ ಎಂದು ಬರೆಯಿರಿ, ಆದಾಗ ತಿಳಿಸುತ್ತೇವೆ” ಎಂದು ಬದಲಿಸಿ. ಆ್ಯಪ್‌ನಲ್ಲಿ ಮನೆಯವರು ಇಲ್ಲದ ಹೊತ್ತಿಗೆ ತಾನಾಗಿ ಹೋಗುವ `Away message` ಕೂಡ ಇದೆ, ಆದರೆ ಫೋನಿಗೆ ಇಂಟರ್‌ನೆಟ್ ಇದ್ದರೆ ಮಾತ್ರ ಅದು ಹೋಗುತ್ತದೆ. ಆಷಾಢದ ಗಾಳಿಮಳೆಗೆ ಕರೆಂಟೂ ಟವರೂ ಒಟ್ಟಿಗೆ ಹೋಗುವ ಊರುಗಳಲ್ಲಿ ಅದನ್ನು ನಂಬಿ ಕೂರಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದರದ ಉತ್ತರದ ತುದಿಯಲ್ಲೇ “ಮಳೆಗಾಲ, ನೆಟ್‌ವರ್ಕ್ ಹೋದರೆ ಉತ್ತರ ಒಂದು ದಿನ ತಡವಾಗಬಹುದು” ಎಂದು ಸೇರಿಸಿ, ಅಕ್ಟೋಬರ್‌ನಲ್ಲಿ ಅಳಿಸಿದರಾಯಿತು.