ಪಾಯಿಂಟ್‌ನಿಂದ ತೆಗೆದ ಒಂದು ಫೋಟೊ

ಮಗ ಬ್ಯಾಟ್ ಹಿಡಿದು ನಿಂತ ಫೋಟೊವನ್ನು ಕೋಚ್‌ಗೆ ಕಳಿಸಿ, ‘ಸ್ಟಾನ್ಸ್ ಸರಿ ಇದೆಯಾ ಸರ್?’ ಎಂದು ಕೇಳುವ ಅಪ್ಪಂದಿರು ಈಗ ಬಹಳ. ಫೋಟೊ ಹೇಳುವುದೂ ಉಂಟು, ಮುಚ್ಚಿಡುವುದೂ ಉಂಟು.

4 ಅಡಿ 10 ಅಂಗುಲ ಎತ್ತರದ, ಬಲಗೈ ಆಟದ ಹುಡುಗನೊಬ್ಬನ ಚಿತ್ರ ಎಂದುಕೊಳ್ಳಿ. ಪಾಯಿಂಟ್ ಫೀಲ್ಡರ್ ನಿಲ್ಲುವ ಕಡೆಯಿಂದ ತೆಗೆದದ್ದು. ಮೊದಲು ಅವನ ಕಿವಿಯಿಂದ ನೆಲಕ್ಕೆ ನೇರ ಗೆರೆ ಎಳೆಯಿರಿ. ಅದು ಎರಡು ಪಾದಗಳ ನಡುವೆ ಬೀಳಬೇಕು. ಇವನದು ಹಿಂಗಾಲಿನ ಮೇಲೆಯೇ ಬೀಳುತ್ತಿದೆ. ಮುಂದೆ ಪಿಚ್ಚಾದ ಚೆಂಡಿಗೆ ಈ ಹುಡುಗ ತಡವಾಗಿ ಕಾಲಿಡುತ್ತಾನೆ. ಮಂಡಿಗಳೂ ಕೋಲಿನಂತೆ ನೆಟ್ಟಗಿವೆ.

ಹಾಗಂತ ‘ಮುಂದಕ್ಕೆ ಬಾಗು’ ಎಂದು ಗದರುವ ಮುನ್ನ ಬ್ಯಾಟ್ ನೋಡಿ. ಹಿಡಿಯ ತುದಿ ಹೊಟ್ಟೆಗೆ ತಾಗುತ್ತಿದೆ, ಎರಡೂ ಕೈಗಳು ಹಿಡಿಯ ಕೆಳಭಾಗಕ್ಕೆ ಜಾರಿವೆ. ಈ ಎತ್ತರಕ್ಕೆ ಸಾಮಾನ್ಯವಾಗಿ 5ನೇ ಸೈಜ್ ಸಾಕು, ಇವನ ಕೈಯಲ್ಲಿರುವುದು ಹ್ಯಾರೋ. ಯೂನಿಫಾರ್ಮ್‌ನಂತೆ ‘ಇನ್ನೆರಡು ವರ್ಷ ಬರಲಿ’ ಎಂದು ಕೊಡಿಸಿದ್ದು! ಉದ್ದ ಬ್ಯಾಟಿಗೆ ಜಾಗ ಮಾಡಿಕೊಡಲು ಮೈ ಹಿಂದಕ್ಕೆ ಸರಿದಿದೆ. ಭಾರ ಎತ್ತಲು ಕೆಳಗಿನ ಕೈ ಬಿಗಿದಿದೆ. ನೆಟ್ಟಗೆ ನಿಂತು ಬ್ಯಾಟನ್ನು ಪಕ್ಕಕ್ಕೆ ಊರಿದರೆ ಹಿಡಿಯ ತುದಿ ಸೊಂಟದ ಕೀಲಿನ ಮಟ್ಟಕ್ಕೆ ಬಂದರೆ ಸರಿ.

ತೆಂಡೂಲ್ಕರ್ ಕೂಡ ಕೆಳಗೇ ಹಿಡಿಯುತ್ತಿದ್ದರಲ್ಲ ಎನ್ನಬಹುದು. ನಿಜ, ಬಾಲ್ಯದಲ್ಲಿ ಅಣ್ಣನ ದೊಡ್ಡ ಬ್ಯಾಟಿನಲ್ಲಿ ಆಡಿ ಬಂದ ಅಭ್ಯಾಸ ಅದು. ಅವರ ಬ್ಯಾಟ್ ನೇರವಾಗಿ ಬರುತ್ತಿತ್ತು, ಹಾಗಾಗಿ ಉಳಿಯಿತು. ನಮ್ಮ ಹುಡುಗನ ಡ್ರೈವ್‌ಗಳೆಲ್ಲ ಮಿಡ್-ವಿಕೆಟ್ ಕಡೆಗೇ ಹೋಗುತ್ತಿದ್ದರೆ ತಿದ್ದಲೇಬೇಕು.

ಗ್ರಿಪ್ ತಿಳಿಯಲು ಗ್ಲೌಸ್ ತೆಗೆಸಿ, ಕೈಗಳ ಫೋಟೊವನ್ನು ಹತ್ತಿರದಿಂದ ಬೇರೆಯೇ ತೆಗೆಯಿರಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಂಗ್ಲಿಷಿನ ‘ವಿ’ ಆಕಾರ ಮೂಡುತ್ತದೆ. ಎರಡೂ ಕೈಗಳ ‘ವಿ’ ಒಂದೇ ಸಾಲಿನಲ್ಲಿ, ಬ್ಯಾಟಿನ ಹಿಂಬದಿಯ ಉಬ್ಬಿಗೂ ಹೊರ ಅಂಚಿಗೂ ನಡುವೆ ಇರಬೇಕು. ಕೆಳಗಿನ ಕೈಯದು ಸಾಲು ತಪ್ಪಿ ಹಿಂದಕ್ಕೆ ತಿರುಗಿದ್ದರೆ ಆ ಕೈ ಬ್ಯಾಟನ್ನು ತಳ್ಳುತ್ತದೆ, ಮುಖ ಬೇಗ ಮುಚ್ಚಿಕೊಳ್ಳುತ್ತದೆ.

ಈ ಕೋನದಿಂದ ಕಾಣದ ದೋಷವೊಂದಿದೆ: ತಲೆ ಆಫ್ ಕಡೆಗೆ ವಾಲುವುದು. ಕಾಲಿನ ಮೇಲೆ ಬಂದ ಚೆಂಡು ತಪ್ಪಿ ಎಲ್‌ಬಿ ಆಗುವುದು ಹೆಚ್ಚಾಗಿ ಇದರಿಂದಲೇ. ಆದರೆ ಆ ವಾಲಿಕೆ ಕ್ಯಾಮೆರಾದ ಕಡೆಗೇ ಆಗುವುದರಿಂದ ಚಿತ್ರದಲ್ಲಿ ಗೊತ್ತಾಗದು. ಅದಕ್ಕೆ ಬೌಲರ್ ತುದಿಯಿಂದ ಇನ್ನೊಂದು ಚಿತ್ರ ಬೇಕು.

ಕೊನೆಯದಾಗಿ, ಪೋಸ್ ಕೊಟ್ಟ ಫೋಟೊ ನಂಬಬೇಡಿ. ಚಂದ್ರಪಾಲ್ ಬೌಲರ್‌ಗೆ ಎದೆಯೊಡ್ಡಿ ನಿಂತರೂ ಆಡುವ ಹೊತ್ತಿಗೆ ಪಕ್ಕಕ್ಕೆ ತಿರುಗಿರುತ್ತಿದ್ದರು. ಮೊಬೈಲನ್ನು ಹುಡುಗನ ಸೊಂಟದ ಎತ್ತರದಲ್ಲಿ ಹಿಡಿದು ವಿಡಿಯೊ ಮಾಡಿ, ಚೆಂಡು ಬೌಲರ್‌ನ ಕೈ ಬಿಡುವ ಕ್ಷಣದಲ್ಲಿ ನಿಲ್ಲಿಸಿ. ಕೋಚ್‌ಗೆ ಕಳಿಸಬೇಕಾದ್ದು ಆ ಚಿತ್ರ.